ಹ್ಯಾಂಡ್‌ಬಾಲ್ ಹೌದೋ ಅಲ್ಲವೋ: ರೆಫ್ರಿ ತೀರ್ಪಿಗೆ ಬರುವ ದಾರಿ

ಫುಟ್‌ಬಾಲ್ ಪಂದ್ಯದಲ್ಲಿ ಪೆನಾಲ್ಟಿ ಬಾಕ್ಸ್‌ನೊಳಗೆ ಡಿಫೆಂಡರ್ ಕೈಗೆ ಚೆಂಡು ತಗುಲಿತು ಅಂದರೆ ಸಾಕು, ದಾಳಿ ಮಾಡುವ ತಂಡದ ಹನ್ನೊಂದು ಜನವೂ ಕೈ ಎತ್ತಿ ರೆಫ್ರಿ ಕಡೆ ಓಡುತ್ತಾರೆ. ಎದುರಾಳಿಗಳು "ಬಾಲ್ ಟು ಹ್ಯಾಂಡ್, ಬಾಲ್ ಟು ಹ್ಯಾಂಡ್" ಎಂದು ಕೂಗುತ್ತಾರೆ. ಎರಡೂ ಕಡೆಯವರು ಹೇಳುತ್ತಿರುವುದು ನಿಯಮದಲ್ಲಿ ಇಲ್ಲದ ಮಾತು. ಕೈಗೆ ತಗುಲಿದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದು ಆಟದ 12ನೇ ನಿಯಮವೇ ಬಿಡಿಸಿ ಹೇಳುತ್ತದೆ. ಹಾಗೆಯೇ, ಚೆಂಡೇ ಕೈಗೆ ಬಂದು ಬಡಿಯಿತು ಅನ್ನುವ ಒಂದೇ ಕಾರಣಕ್ಕೆ ಆಟಗಾರ ಪಾರಾಗುವುದೂ ಇಲ್ಲ.

ನಿಯಮ ರೂಪಿಸುವ ಸಂಸ್ಥೆ ಐಎಫ್‌ಎಬಿ. 2021ರಿಂದ ಜಾರಿಯಲ್ಲಿರುವ ಅದರ ಪಠ್ಯದ ಪ್ರಕಾರ ಹ್ಯಾಂಡ್‌ಬಾಲ್ ತಪ್ಪಾಗುವುದು ಮೂರು ಸಂದರ್ಭಗಳಲ್ಲಿ. ಬೇಕೆಂದೇ ಕೈಯಿಂದ ಚೆಂಡು ಮುಟ್ಟಿದರೆ ಒಂದು. ಕೈಯನ್ನು ಅಸಹಜವಾಗಿ ಚಾಚಿ ದೇಹವನ್ನು ದೊಡ್ಡದು ಮಾಡಿಕೊಂಡಿದ್ದಾಗ ಆ ಕೈಗೆ ಚೆಂಡು ತಗುಲಿದರೆ ಇನ್ನೊಂದು. ಕೈಯಿಂದ ನೇರವಾಗಿ, ಅಥವಾ ಕೈಗೆ ತಗುಲಿದ ತಕ್ಷಣ ಅದೇ ಆಟಗಾರ ಗೋಲು ಹೊಡೆದರೆ ಮೂರನೆಯದು. ಮೊದಲನೆಯದರಲ್ಲೂ ಮೂರನೆಯದರಲ್ಲೂ ಜಗಳ ಕಡಿಮೆ. ತಲೆನೋವೆಲ್ಲ ಇರುವುದು ಎರಡನೆಯದರಲ್ಲಿ, ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲೇ.

ಮೊದಲ ಹೆಜ್ಜೆ: ತಗುಲಿದ್ದು ಕೈಗೇನಾ?

ಕೈ ಎಲ್ಲಿಂದ ಶುರುವಾಗುತ್ತದೆ ಅನ್ನುವುದಕ್ಕೆ ನಿಯಮದಲ್ಲಿ ಗೆರೆ ಇದೆ. ಆಟಗಾರ ಕೈಯನ್ನು ಇಳಿಬಿಟ್ಟು ನಿಂತಾಗ ಕಂಕುಳಿನ ತಳಭಾಗ ಎಲ್ಲಿ ಬರುತ್ತದೋ ಅದರ ನೇರಕ್ಕೆ ತೋಳಿನ ಮೇಲೆ ಅಡ್ಡಗೆರೆ ಎಳೆದುಕೊಳ್ಳಿ. ಗೆರೆಯ ಮೇಲಿನದು ಭುಜ, ಅಲ್ಲಿ ಚೆಂಡು ತಗುಲಿದರೆ ಎದೆಗೆ ತಗುಲಿದಂತೆಯೇ. ಗೆರೆಯ ಕೆಳಗಿನದು, ಬೆರಳ ತುದಿಯವರೆಗೂ, ಕೈ. ಈ ಗೆರೆ 2020ರಲ್ಲಿ ಬಂತು. ಮೈದಾನದಲ್ಲಿ ಇದನ್ನು ಗುರುತಿಸಲು ಅಂಗಿಯ ತೋಳು ಸ್ವಲ್ಪ ಸಹಾಯ ಮಾಡುತ್ತದೆ. ಗಿಡ್ಡ ತೋಳಿನ ಜರ್ಸಿಯಲ್ಲಿ ತೋಳಿನ ಮೇಲ್ಭಾಗಕ್ಕೆ ತಗುಲಿದ್ದರೆ ಸಾಮಾನ್ಯವಾಗಿ ಭುಜ, ಅಂಚಿನ ಹತ್ತಿರ ಅಥವಾ ಬರಿಗೈಗೆ ತಗುಲಿದ್ದರೆ ಕೈ. ಆದರೆ ಜರ್ಸಿಗಳ ತೋಳು ಒಂದೇ ಉದ್ದ ಇರುವುದಿಲ್ಲವಾದ್ದರಿಂದ ನಂಬಬೇಕಾದ್ದು ಕಂಕುಳನ್ನೇ.

ತಗುಲಿತೋ ಇಲ್ಲವೋ ಗೊತ್ತಾಗದಿದ್ದಾಗ ಆಟಗಾರರ ಮುಖ ನೋಡಬೇಡಿ, ಚೆಂಡನ್ನು ನೋಡಿ. ಕೈಗೆ ಬಡಿದ ಚೆಂಡು ದಾರಿ ಬದಲಿಸುತ್ತದೆ, ಇಲ್ಲವೇ ಅದರ ತಿರುಗು ಒಮ್ಮೆಲೇ ನಿಂತುಹೋಗುತ್ತದೆ. ಗಟ್ಟಿಯಾದ ತೊಡೆಗೆ ಬಡಿದ ಚೆಂಡು ಚಿಮ್ಮುವುದಕ್ಕೂ ಸಡಿಲವಾಗಿ ತೂಗುವ ಕೈಗೆ ಬಡಿದ ಚೆಂಡು ಸತ್ತುಬೀಳುವುದಕ್ಕೂ ವ್ಯತ್ಯಾಸ ಕಾಣುತ್ತದೆ. ಎರಡು ಸದ್ದು ಕೇಳಿಸಿದರೆ ಎರಡು ಕಡೆ ತಗುಲಿದೆ ಎಂದರ್ಥ, ಆಗ ಮೊದಲು ಯಾವುದಕ್ಕೆ ಅನ್ನುವ ಪ್ರಶ್ನೆ ಏಳುತ್ತದೆ. ಅದು ಮುಂದೆ ಬಹಳ ಮುಖ್ಯವಾಗುತ್ತದೆ.

ತಗುಲಿದ್ದು ಕಾಣಲೇ ಇಲ್ಲವೆಂದರೆ ಊಹೆಯ ಮೇಲೆ ಸೀಟಿ ಊದಬಾರದು. ಇದಕ್ಕೆ ಪರಿಹಾರ ನಿಂತ ಜಾಗದಲ್ಲಿದೆ. ಚೆಂಡು ಹೊಡೆದವನ ಬೆನ್ನ ಹಿಂದೆ ನೇರವಾಗಿ ನಿಂತ ರೆಫ್ರಿಗೆ ಡಿಫೆಂಡರ್‌ನ ಕೈ ಪಕ್ಕಕ್ಕೆ ಎಷ್ಟು ಚಾಚಿದೆ ಅನ್ನುವುದು ಕಾಣಬಹುದು, ಮುಂದಕ್ಕೆ ಎಷ್ಟು ಚಾಚಿದೆ ಅನ್ನುವುದು ಕಾಣುವುದಿಲ್ಲ. ಪೂರ್ತಿ ಪಕ್ಕದಿಂದ ನೋಡುವವನಿಗೆ ಇದು ತಿರುವುಮುರುವು. ಕ್ರಾಸ್ ಬರುವ ಮೊದಲೇ ಓರೆಯಾಗಿ ಸರಿದು, ಹೊಡೆಯುವವನೂ ಎದುರಿಸುವವನೂ ಒಂದೇ ನೋಟದಲ್ಲಿ ಸಿಗುವಂತೆ ನಿಂತರೆ ಎರಡೂ ಸಿಗುತ್ತವೆ. ಅಷ್ಟಾದರೂ ಕಾಣದ ಕೈ ಇದ್ದೇ ಇರುತ್ತದೆ, ಆ ಕೈ ಆಚೆ ಬದಿಯ ಲೈನ್ಸ್‌ಮನ್‌ಗೆ ಕಂಡಿರಬಹುದು. ಸೀಟಿ ಬಾಯಿಗಿಡುವ ಮುಂಚೆ ಅವರತ್ತ ಒಂದು ನೋಟ ಹಾಯಿಸುವಷ್ಟು ಹೊತ್ತು ಯಾವಾಗಲೂ ಇರುತ್ತದೆ.

ಎರಡನೇ ಹೆಜ್ಜೆ: ಬೇಕೆಂದೇ ಮುಟ್ಟಿದನಾ?

ಇಲ್ಲಿ ನೋಡಬೇಕಾದ್ದು ಕೈಯ ಚಲನೆಯನ್ನು. ಕೈ ಚೆಂಡಿನತ್ತ ಹೋಯಿತೇ, ಚೆಂಡಿನಿಂದ ದೂರ ಸರಿಯಿತೇ, ಇದ್ದಲ್ಲೇ ಇತ್ತೇ? ಚೆಂಡಿನತ್ತ ಹೋದ ಕೈ ಮೈಗೆ ಎಷ್ಟೇ ಹತ್ತಿರ ಇರಲಿ, ತಪ್ಪೇ. ಮೊಣಕೈ ಪಕ್ಕೆಗೆ ಅಂಟಿಸಿಕೊಂಡೇ ಮುಂಗೈಯನ್ನು ಒಂದು ಗೇಣು ಆಚೆ ತಳ್ಳಿ ಚೆಂಡು ತಡೆಯುವ ಡಿಫೆಂಡರ್‌ಗಳು ಬಹಳ ಮಂದಿ. ಮೈಯ ಆಕಾರದೊಳಗೇ ಇದೆಯಲ್ಲ ಎಂದು ಇದನ್ನು ಬಿಟ್ಟುಬಿಡುವುದು ಹೊಸ ರೆಫ್ರಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಭುಜವನ್ನು ಚೆಂಡಿನ ಕಡೆ ವಾಲಿಸುತ್ತಾ ತೋಳನ್ನೂ ಜೊತೆಗೇ ತಂದು ಬಡಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

2010ರ ಜುಲೈ 2ರಂದು ವಿಶ್ವಕಪ್ ಕ್ವಾರ್ಟರ್ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಘಾನಾದ ಹೆಡರ್ ಅನ್ನು ಉರುಗ್ವೆಯ ಲೂಯಿಸ್ ಸುವಾರೆಸ್ ಗೋಲಿನ ಗೆರೆಯ ಮೇಲೆ ನಿಂತು ಎರಡೂ ಕೈಯಿಂದ ತಳ್ಳಿದ್ದು ಈ ವರ್ಗದ ಅತಿ ಸ್ಪಷ್ಟ ಉದಾಹರಣೆ. ಅಂಥದ್ದಕ್ಕೆ ಮಾರ್ಗದರ್ಶಿಯೇ ಬೇಡ. ಕಷ್ಟವಾಗುವುದು ಬೇಕೆಂದೇ ಮುಟ್ಟಿದ ಕೈಗೂ, ಮುಖಕ್ಕೆ ಬರುವ ಚೆಂಡಿಗೆ ತಾನಾಗಿ ಅಡ್ಡ ಬಂದ ಕೈಗೂ ಗೆರೆ ಎಳೆಯುವಾಗ. ಮುಖ ಕಾಯ್ದುಕೊಳ್ಳುವುದಕ್ಕೆ ನಿಯಮದಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ. ತಲೆ ತಿರುಗಿಸಲೂ ಸಮಯವಿಲ್ಲದಷ್ಟು ಹತ್ತಿರದಿಂದ ಬಂದು, ಮುಖದ ಎದುರೇ ಇದ್ದ ಕೈಗೆ ಬಡಿದರೆ ಆಟ ಮುಂದುವರಿಸಬಹುದು. ದೂರದಿಂದ ಬಂದ ಚೆಂಡಿಗೆ ಕೈ ಎತ್ತಿದರೆ ಅದು ಬೇಕೆಂದೇ ಮುಟ್ಟಿದ್ದು. ಫ್ರೀ ಕಿಕ್ ಗೋಡೆಯಲ್ಲಿ ನಿಂತವನಿಗೂ ಇದೇ ಮಾತು, ಅವನಿಗೆ ಚೆಂಡು ಬರುತ್ತದೆ ಎಂದು ಮೊದಲೇ ಗೊತ್ತು.

ಮೂರನೇ ಹೆಜ್ಜೆ: ದೇಹದ ಸಹಜ ಹೊರರೇಖೆ

ಬೇಕೆಂದು ಮುಟ್ಟಲಿಲ್ಲ ಎಂದಾದರೆ ಮುಂದಿನ ಪ್ರಶ್ನೆ: ಆ ಕೈ ಅಲ್ಲಿ ಯಾಕಿತ್ತು? ನಿಯಮದ ಮಾತಿನ ಸಾರ ಇಷ್ಟು. ಆ ನಿರ್ದಿಷ್ಟ ಸಂದರ್ಭದಲ್ಲಿ ಆಟಗಾರನ ದೇಹದ ಚಲನೆಯಿಂದಾಗಿ ಕೈ ಅಲ್ಲಿಗೆ ಬಂದಿದ್ದರೆ, ಅಥವಾ ಆ ಚಲನೆಯಿಂದ ಅದನ್ನು ಸಮರ್ಥಿಸಲು ಸಾಧ್ಯವಿದ್ದರೆ, ತಪ್ಪಿಲ್ಲ. ಹಾಗಲ್ಲದೆ ಕೈ ಚಾಚಿಕೊಂಡಿದ್ದರೆ, ಚೆಂಡು ಬಡಿಯುವ ಅಪಾಯವನ್ನು ಆಟಗಾರ ತಾನೇ ತಂದುಕೊಂಡಿದ್ದಾನೆ, ಶಿಕ್ಷೆಯನ್ನೂ ಅವನೇ ಅನುಭವಿಸಬೇಕು.

ಇಲ್ಲಿ ಕೈ ಮೈಯಿಂದ ಎಷ್ಟು ಇಂಚು ದೂರವಿತ್ತು ಅನ್ನುವುದು ಅಳತೆಗೋಲಲ್ಲ. ನಿಂತವನ ಸಹಜ ಹೊರರೇಖೆ ಒಂದು, ಓಡುವವನದು ಇನ್ನೊಂದು, ಜಿಗಿಯುವವನದು ಬೇರೆಯೇ. ಓಡುವಾಗ ಮೊಣಕೈ ಮಡಚಿ ಹಿಂದಕ್ಕೂ ಮುಂದಕ್ಕೂ ಬೀಸುತ್ತದೆ, ಆ ಬೀಸಿನ ದಾರಿಯಲ್ಲಿ ಕೈಗೆ ಚೆಂಡು ತಗುಲಿದರೆ ಅದು ಓಟದ ಫಲ. ಆದರೆ ಓಡುವಾಗ ಕೈ ಪಕ್ಕಕ್ಕೆ, ಭುಜದ ಎತ್ತರಕ್ಕೆ, ನೇರವಾಗಿ ಚಾಚಿಕೊಳ್ಳುವುದಿಲ್ಲ. ಅದಕ್ಕೆ ಓಟವನ್ನು ನೆಪ ಹೇಳಲಾಗದು. ಹಾಗೆಯೇ ಓಡುತ್ತಿದ್ದವನು ಗಕ್ಕನೆ ನಿಂತು ದಿಕ್ಕು ಬದಲಿಸಿದರೆ ತೂಕ ತಪ್ಪದಿರಲು ಎದುರು ಬದಿಯ ಕೈ ಒಂದಿಷ್ಟು ಹೊರಗೆ ಬರುತ್ತದೆ. ಆ ಕೈ ಹೊರಗಿದ್ದರೂ ಸಹಜ.

ಜಿಗಿತ ಇದಕ್ಕಿಂತ ಜಟಿಲ. ಕೈ ಮೇಲೆತ್ತದೆ ಯಾರೂ ಎತ್ತರಕ್ಕೆ ಹಾರಲಾರರು. 2019ರ ಪಠ್ಯದಲ್ಲಿ ಭುಜದ ಮಟ್ಟಕ್ಕಿಂತ ಮೇಲೆ ಇರುವ ಕೈಗೆ ತಗುಲಿದರೆ ಬಹುತೇಕ ತಾನಾಗಿಯೇ ತಪ್ಪು ಎಂದಾಗಿತ್ತು. ಅದರ ಫಲ 2020ರ ಸೆಪ್ಟೆಂಬರ್ 27ರಂದು ಲಂಡನ್‌ನಲ್ಲಿ ಕಂಡಿತು. ನ್ಯೂಕಾಸಲ್‌ನ ಆಂಡಿ ಕ್ಯಾರೊಲ್ ಬೆನ್ನ ಹಿಂದಿನಿಂದ, ಹತ್ತಿರದಿಂದಲೇ ಹೆಡ್ ಮಾಡಿದ ಚೆಂಡು ಟಾಟೆನ್‌ಹ್ಯಾಮ್‌ನ ಎರಿಕ್ ಡೈಯರ್ ಎತ್ತಿದ್ದ ಕೈಗೆ ಬಡಿಯಿತು. ಡೈಯರ್‌ಗೆ ಚೆಂಡು ಕಾಣುತ್ತಲೂ ಇರಲಿಲ್ಲ. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಸಿಕ್ಕಿ, ಆಟ 1-1ರಲ್ಲಿ ಮುಗಿಯಿತು. 2021ರಲ್ಲಿ ಭುಜದ ಮಟ್ಟದ ಆ ಸಾಲನ್ನೇ ತೆಗೆದುಹಾಕಿದರು. ಈಗ ಎತ್ತಿದ ಕೈ ತಾನಾಗಿ ತಪ್ಪಲ್ಲ, ಜಿಗಿತಕ್ಕೆ ಅಷ್ಟು ಎತ್ತಬೇಕಿತ್ತೇ ಎಂದು ಕೇಳಬೇಕು. ಮೇಲೇಳುವಾಗ ಮೊಣಕೈ ಮಡಚಿ ಎತ್ತಿದ್ದು ಸಹಜ. ನೆಲಕ್ಕೆ ಇಳಿದಾದ ಮೇಲೂ ಕೈ ಇನ್ನೂ ಮೇಲೇ ಇದ್ದರೆ, ಅಥವಾ ಜಿಗಿಯದೆಯೇ ಎತ್ತಿ ನಿಂತಿದ್ದರೆ, ಆ ಸಮರ್ಥನೆ ಮುಗಿಯಿತು. ಭುಜಕ್ಕಿಂತ ಮೇಲಿನ ಕೈಗೆ ಕಾರಣ ಸಿಗುವುದು ಅಪರೂಪ ಅನ್ನುವುದಂತೂ ಇಂದಿಗೂ ನಿಜ.

ಸ್ಲೈಡ್ ಮಾಡುವವನ ಕೈಗಳನ್ನು ಒಂದೊಂದಾಗಿ ನೋಡಬೇಕು. ಬೀಳುವ ಮೈಗೂ ನೆಲಕ್ಕೂ ನಡುವೆ ಊರಿದ ಕೈ ಊರುಗೋಲು, ಅದಕ್ಕೆ ತಗುಲಿದರೆ ಸಾಮಾನ್ಯವಾಗಿ ಆಟ ಮುಂದುವರಿಯುತ್ತದೆ. ಅದೇ ಹೊತ್ತಿನಲ್ಲಿ ಮೇಲಿನ ಕೈ ಕ್ರಾಸ್‌ನ ದಾರಿಗೆ ಅಡ್ಡವಾಗಿ ಚಾಚಿದ್ದರೆ ಅದು ತಪ್ಪು. ಊರಿದ ಕೈಯಲ್ಲೂ ಒಂದು ಪರೀಕ್ಷೆ ಇದೆ: ಮೈಯ ಭಾರ ನಿಜವಾಗಿಯೂ ಅದರ ಮೇಲಿದೆಯೇ? ಮೈ ಆಗಲೇ ನೆಲಕ್ಕೆ ತಾಗಿ, ಕೈ ಮಾತ್ರ ದೂರಕ್ಕೆ ಚಾಚಿಕೊಂಡಿದ್ದರೆ ಅದು ಆಧಾರವಲ್ಲ, ಅಡ್ಡಗೋಡೆ.

ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಡಿಫೆಂಡ್ ಮಾಡುವುದನ್ನು ಈಚೆಗೆ ಎಲ್ಲರೂ ನೋಡಿರುತ್ತೀರಿ. ನಿಯಮ ಅದನ್ನು ಕೇಳುವುದಿಲ್ಲ. ಹಾಗೆ ಓಡಿದರೆ ತಿರುಗುವ ವೇಗವೂ ತೂಕವೂ ತಪ್ಪುತ್ತದೆ. ತೋಳು ಸಡಿಲವಾಗಿ ಕೆಳಗೆ ಬಿಟ್ಟು, ಮೊಣಕೈ ಪಕ್ಕೆಯ ಹತ್ತಿರ ಇಟ್ಟುಕೊಂಡರೆ ನಿಯಮದ ದೃಷ್ಟಿಯಲ್ಲಿ ಸಾಕು. ಶಾಟ್ ತಡೆಯಲು ಹೋಗುವ ಕೊನೆಯ ಎರಡು ಹೆಜ್ಜೆಯಲ್ಲಿ ಕೈ ಒಳಕ್ಕೆ ಎಳೆದುಕೊಳ್ಳುವುದನ್ನು ರೂಢಿ ಮಾಡಿಸುವುದೇ ಕೋಚ್‌ಗಳಿಗೆ ಉಪಯುಕ್ತ.

ನಾಲ್ಕನೇ ಹೆಜ್ಜೆ: ಹತ್ತಿರದಿಂದ ಬಂದ ಚೆಂಡು

ದೂರದ ಬಗ್ಗೆ ಈಗಿನ ಪಠ್ಯದಲ್ಲಿ ಒಂದು ಅಂಕಿಯೂ ಇಲ್ಲ. ಎರಡು ಮೀಟರ್, ಐದು ಮೀಟರ್ ಎಂದು ಯಾರಾದರೂ ಹೇಳಿದರೆ ಅದು ಅವರ ಸ್ವಂತ ಲೆಕ್ಕ. ಆದರೂ ದೂರವನ್ನು ರೆಫ್ರಿಗಳು ನೋಡುತ್ತಾರೆ, ಏಕೆಂದರೆ ಅದು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಕೈ ತೆಗೆಯಲು ಅವನಿಗೆ ಸಮಯವಿತ್ತೇ?

ಲೆಕ್ಕ ಹಾಕಿ ನೋಡಿ. ಗಂಟೆಗೆ 90 ಕಿ.ಮೀ. ವೇಗದ ಶಾಟ್ ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. 3 ಮೀಟರ್ ದೂರ ದಾಟಲು ಅದಕ್ಕೆ 0.12 ಸೆಕೆಂಡ್ ಸಾಕು. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಅಲುಗಲು ಶುರುವಾಗುವುದೇ ಸುಮಾರು 0.2 ಸೆಕೆಂಡಿನ ಮೇಲೆ. ಅಂದರೆ ಆ ವೇಗದಲ್ಲಿ 5 ಮೀಟರ್ ಒಳಗಿನಿಂದ ಹೊಡೆದ ಚೆಂಡಿಗೆ ಪ್ರತಿಕ್ರಿಯಿಸುವುದು ಸಾಧ್ಯವೇ ಇಲ್ಲ. ಆಗ ಕೈ ಚಲಿಸಿತು ಅಂದರೂ ಅದು ಚೆಂಡನ್ನು ನೋಡಿ ಚಲಿಸಿದ್ದಲ್ಲ. ಬೇಕೆಂದು ಮುಟ್ಟಿದ ಆರೋಪ ಇಲ್ಲಿ ಹೆಚ್ಚುಕಡಿಮೆ ಬಿದ್ದುಹೋಗುತ್ತದೆ.

ಆದರೆ ಮೂರನೇ ಹೆಜ್ಜೆಯ ಆರೋಪ ಬೀಳುವುದಿಲ್ಲ. ಹೆಚ್ಚಿನ ವಾದಗಳು ಎಡವುವುದು ಇಲ್ಲೇ. ಹತ್ತಿರ ಇರುವುದು ಪ್ರತಿಕ್ರಿಯೆಯ ಕೊರತೆಯನ್ನು ಕ್ಷಮಿಸುತ್ತದೆ, ಮೊದಲೇ ಚಾಚಿಟ್ಟಿದ್ದ ಕೈಯನ್ನು ಕ್ಷಮಿಸುವುದಿಲ್ಲ. ಎದುರಾಳಿ ಕ್ರಾಸ್ ಹೊಡೆಯಲು ಕಾಲೆತ್ತಿದ್ದು ಡಿಫೆಂಡರ್‌ಗೆ ಕಾಣುತ್ತಿರುತ್ತದೆ. ಆ ಕ್ಷಣಕ್ಕೆ ಮುಂಚೆಯೇ ಕೈ ಹೊರಗಿತ್ತು ಅಂದರೆ, ಚೆಂಡು ಒಂದು ಮೀಟರ್‌ನಿಂದ ಬಂದಿತೋ ಹತ್ತರಿಂದ ಬಂದಿತೋ, ಅಪಾಯ ತಂದುಕೊಂಡವನು ಅವನೇ. ಹಾಗಾಗಿ ನೀವು ಮನಸ್ಸಿನಲ್ಲಿ ಚಿತ್ರ ನಿಲ್ಲಿಸಬೇಕಾದ್ದು ಚೆಂಡು ಕೈಗೆ ತಗುಲಿದ ಗಳಿಗೆಯಲ್ಲಲ್ಲ, ಎದುರಾಳಿಯ ಕಾಲು ಚೆಂಡಿಗೆ ತಗುಲಿದ ಗಳಿಗೆಯಲ್ಲಿ. ಆಗ ಕೈ ಎಲ್ಲಿತ್ತು? ಅಲ್ಲಿಂದ ಮುಂದೆ ಒಳಕ್ಕೆ ಬರುತ್ತಿತ್ತೇ, ಹೊರಕ್ಕೆ ಹೋಗುತ್ತಿತ್ತೇ?

ಐದನೇ ಹೆಜ್ಜೆ: ಬೇರೆಡೆ ತಗುಲಿ ತಿರುಗಿದ ಚೆಂಡು

ಡಿಫೆಂಡರ್‌ನ ತೊಡೆಗೋ ಎದೆಗೋ ಬಡಿದು ಅಲ್ಲಿಂದ ಅವನದೇ ಕೈಗೆ ಚಿಮ್ಮಿದರೆ? 2019 ಮತ್ತು 2020ರ ಪಠ್ಯಗಳಲ್ಲಿ ಇದಕ್ಕೆ ಬರೆದಿಟ್ಟ ವಿನಾಯಿತಿ ಇತ್ತು: ಸ್ವಂತ ತಲೆ ಅಥವಾ ಮೈಯಿಂದ, ಅಥವಾ ಹತ್ತಿರದ ಇನ್ನೊಬ್ಬ ಆಟಗಾರನಿಂದ ನೇರವಾಗಿ ಕೈಗೆ ಬಂದರೆ ಸಾಮಾನ್ಯವಾಗಿ ತಪ್ಪಲ್ಲ ಎಂದು. 2021ರಲ್ಲಿ ಪಠ್ಯ ಸರಳಗೊಳಿಸುವಾಗ ಆ ಸಾಲುಗಳು ಹೋದವು. ಆದರೆ ವಿಚಾರ ಹೋಗಲಿಲ್ಲ, ರೆಫ್ರಿಯ ವಿವೇಚನೆಯೊಳಗೆ ಸೇರಿಕೊಂಡಿತು. 2023ರ ಏಪ್ರಿಲ್‌ನಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ರಚಿಸಿದ್ದ ಮಾಜಿ ಆಟಗಾರರ ಹಾಗೂ ಕೋಚ್‌ಗಳ ಮಂಡಳಿ ಇದನ್ನೇ ಒತ್ತಿ ಹೇಳಿತು: ಸ್ವಂತ ಮೈಗೆ ತಗುಲಿ ತಿರುಗಿ ಕೈಗೆ ಬಂದ ಚೆಂಡಿಗೆ, ಅದರಲ್ಲೂ ಅದು ಗೋಲಿನತ್ತ ಹೋಗುತ್ತಿರದಿದ್ದರೆ, ಹ್ಯಾಂಡ್‌ಬಾಲ್ ಕೊಡಬಾರದು.

ಆ ಶಿಫಾರಸು ಬಂದ ಏಳೇ ತಿಂಗಳಿಗೆ, 2023ರ ನವೆಂಬರ್ 28ರಂದು, ಪ್ಯಾರಿಸ್‌ನಲ್ಲಿ ಅದರ ಪರೀಕ್ಷೆ ನಡೆಯಿತು. ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ನ್ಯೂಕಾಸಲ್ 1-0 ಮುಂದಿತ್ತು. ಹೆಚ್ಚುವರಿ ಸಮಯದಲ್ಲಿ ಪಿಎಸ್‌ಜಿಯ ಉಸ್ಮಾನ್ ಡೆಂಬೆಲೆ ಹತ್ತಿರದಿಂದ ಒದ್ದ ಚೆಂಡು ಟೀನೊ ಲಿವ್ರಮೆಂಟೊ ಎದೆಗೆ ಬಡಿದು ಅಲ್ಲಿಂದ ಅವರ ಮೊಣಕೈಗೆ ತಗುಲಿತು. ರೆಫ್ರಿ ಶಿಮೊನ್ ಮಾರ್ಚಿನಿಯಾಕ್ ಮೊದಲು ಏನೂ ಕೊಡಲಿಲ್ಲ. ವಿಡಿಯೊ ನೋಡುವ ಸಹಾಯಕ ರೆಫ್ರಿ, ಅಂದರೆ ವಿಎಆರ್, ಕರೆದಾಗ ಪರದೆ ನೋಡಿ ಪೆನಾಲ್ಟಿ ಕೊಟ್ಟರು, ಕಿಲಿಯನ್ ಎಂಬಾಪೆ ಗೋಲು ಹೊಡೆದು 1-1 ಮಾಡಿದರು. ಮರುದಿನ ವಿಎಆರ್ ಅಧಿಕಾರಿಯನ್ನು ಯುಇಎಫ್‌ಎ ಇನ್ನೊಂದು ಪಂದ್ಯದ ಕೆಲಸದಿಂದ ಹಿಂದೆ ಸರಿಸಿತು.

ಮೇಲಿನ ಹೆಜ್ಜೆಗಳಲ್ಲಿ ಇದನ್ನು ಹಾಯಿಸಿ ನೋಡಿ. ತಗುಲಿದ್ದು ಮೊಣಕೈಗೆ, ಅದು ಗೆರೆಯ ಕೆಳಗೆ, ಹೌದು ಕೈಯೇ. ಬೇಕೆಂದು ಮುಟ್ಟಲು ಸಮಯವೇ ಇರಲಿಲ್ಲ. ಓಡುತ್ತಾ ಇದ್ದವನ ಕೈ ಮೈಯಿಂದ ಸ್ವಲ್ಪ ಹೊರಗಿತ್ತು, ಅದು ಓಟಕ್ಕೆ ಹೊಂದುವಂಥದ್ದು. ಕೊನೆಯದಾಗಿ, ಚೆಂಡು ಮೊದಲು ಎದೆಗೆ ಬಡಿದಿತ್ತು, ಅಂದರೆ ಕೈ ಇರದಿದ್ದರೂ ಆ ಒದೆತ ಅಲ್ಲೇ ತಡೆದುಹೋಗಿತ್ತು. ಮೊದಲನೆಯದನ್ನು ಬಿಟ್ಟು ಉಳಿದ ಮೂರೂ ಉತ್ತರಗಳು ಒಂದೇ ಕಡೆ ಬೊಟ್ಟು ಮಾಡುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಪೆನಾಲ್ಟಿ ಅಲ್ಲವೇ ಅಲ್ಲ, ಮೈದಾನದಲ್ಲಿ ರೆಫ್ರಿ ಮೊದಲು ತೆಗೆದುಕೊಂಡ ನಿರ್ಧಾರವೇ ಸರಿ ಇತ್ತು.

ತಿರುಗಿದ ಚೆಂಡೂ ಎಲ್ಲಾ ಕೈಯನ್ನು ಕಾಪಾಡುವುದಿಲ್ಲ. ಎರಡು ಸಂದರ್ಭದಲ್ಲಿ ರಕ್ಷಣೆ ತೆಳುವಾಗುತ್ತದೆ. ಒಂದು, ಮೈಗೆ ಸವರಿದ್ದು ತೀರಾ ಕಡಿಮೆ, ಚೆಂಡಿನ ದಾರಿ ಹೆಚ್ಚೇನೂ ಬದಲಾಗಿಲ್ಲ, ಆಮೇಲೆ ಚಾಚಿದ ಕೈ ಅದನ್ನು ಪೂರ್ತಿ ತಡೆದಿದೆ. ಅಲ್ಲಿ ತಡೆದದ್ದು ಕೈಯೇ ಹೊರತು ಮೈಯಲ್ಲ. ಇನ್ನೊಂದು, ಮೈಗೆ ಬಡಿದ ಚೆಂಡು ಗೋಲಿನತ್ತಲೇ ಹೋಗುತ್ತಿದ್ದು, ಗೆರೆಯ ಮೇಲೆ ಕೈ ಅಡ್ಡ ಬಂದಿದೆ. ಜೊತೆಗೆ ಇನ್ನೊಬ್ಬ ಆಟಗಾರನಿಗೆ ತಗುಲಿ ತಿರುಗಿದ್ದನ್ನೂ ಬೇರೆಯಾಗಿ ನೋಡಬೇಕು: ಆ ಆಟಗಾರ ಒಂದೆರಡು ಮೀಟರ್ ದೂರದಲ್ಲಿದ್ದರೆ ದಾರಿ ಬದಲಾದ್ದನ್ನು ನೋಡಲು ಡಿಫೆಂಡರ್‌ಗೆ ಸಮಯವಿಲ್ಲ, ಎಂಟು ಮೀಟರ್ ದೂರದಲ್ಲಿದ್ದರೆ ಇದೆ.

ಒಂದೇ ಟೂರ್ನಿಯ ಎರಡು ಕೈಗಳು

2024ರ ಯುರೋ ಕಪ್‌ನಲ್ಲಿ ಆರು ದಿನದ ಅಂತರದಲ್ಲಿ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ತೀರ್ಪಿನ ಗಡಿ ಎಲ್ಲಿದೆ ಎಂದು ಕಾಣುತ್ತದೆ.

ಜೂನ್ 29, ಡಾರ್ಟ್‌ಮಂಡ್. ಜರ್ಮನಿಯ ಡೇವಿಡ್ ರೌಮ್ ಒದ್ದ ಕ್ರಾಸ್ ಡೆನ್ಮಾರ್ಕ್‌ನ ಯೋಆಕಿಮ್ ಆಂಡರ್ಸನ್ ಕೈಯನ್ನು ಸವರಿತು. ಎಷ್ಟು ಹಗುರ ಅಂದರೆ, ಚೆಂಡಿನೊಳಗೆ ಇಟ್ಟಿದ್ದ ಸಂವೇದಕದ ಗ್ರಾಫ್‌ನಲ್ಲಿ ಎದ್ದ ಏರು ನೋಡಿ ತಗುಲಿದ್ದನ್ನು ಖಚಿತಪಡಿಸಿಕೊಂಡರು. ರೆಫ್ರಿ ಮೈಕಲ್ ಆಲಿವರ್ ಪರದೆ ನೋಡಿ ಪೆನಾಲ್ಟಿ ಕೊಟ್ಟರು, ಜರ್ಮನಿಯ ಕಾಯ್ ಹಾವರ್ಟ್ಜ್ ಗೋಲು ಹೊಡೆದರು. ಹತ್ತಿರದಿಂದ ಬಂದ ಚೆಂಡು, ಬೇಕೆಂದು ಮುಟ್ಟಿಲ್ಲ, ಡೆನ್ಮಾರ್ಕ್ ಪಾಳಯಕ್ಕೆ ಸಿಟ್ಟು ಬಂದದ್ದು ಅರ್ಥವಾಗುತ್ತದೆ. ಆದರೆ ಕ್ರಾಸ್ ಹೊರಡುವಾಗಲೇ ಕೈ ಮೈಯಿಂದ ದೂರ, ಚೆಂಡಿನ ದಾರಿಯಲ್ಲಿ ಚಾಚಿತ್ತು, ಚೆಂಡು ನೇರವಾಗಿ ಕೈಗೇ ಬಂತು. ಮೂರನೇ ಹೆಜ್ಜೆಯ ಪ್ರಕಾರ ತಪ್ಪು. ತಗುಲಿದ್ದು ಹಗುರವೋ ಜೋರೋ ಅನ್ನುವುದಕ್ಕೆ ನಿಯಮದಲ್ಲಿ ಬೆಲೆಯಿಲ್ಲ. ಸಂವೇದಕ ಹೇಳಿದ್ದು ತಗುಲಿತು ಎಂದಷ್ಟೇ, ತಪ್ಪು ಎಂದು ಹೇಳಿದ್ದು ರೆಫ್ರಿ. ಈ ಎರಡನ್ನೂ ಒಂದೇ ಎಂದು ತಿಳಿದುಕೊಂಡವರು ಬಹಳ.

ಜುಲೈ 5, ಸ್ಟುಟ್‌ಗಾರ್ಟ್. ಜರ್ಮನಿ–ಸ್ಪೇನ್ ಕ್ವಾರ್ಟರ್ ಫೈನಲ್, 1-1, 106ನೇ ನಿಮಿಷ. ಜಮಾಲ್ ಮುಸಿಯಾಲಾ ಗೋಲಿನತ್ತ ಹೊಡೆದ ಶಾಟ್ ಮಾರ್ಕ್ ಕುಕುರೆಯಾ ಎಡಗೈಗೆ ಬಡಿಯಿತು. ರೆಫ್ರಿ ಆಂಟನಿ ಟೇಲರ್ ಆಟ ಮುಂದುವರಿಸಿದರು, ವಿಎಆರ್ ಮಧ್ಯೆ ಬರಲಿಲ್ಲ. ಕೈ ಕೆಳಮುಖವಾಗಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು ಅನ್ನುವುದು ಆ ತೀರ್ಪಿನ ಪರ ವಾದ. ಟೂರ್ನಿಗೆ ಮುಂಚೆ ತಂಡಗಳಿಗೆ ಕೊಟ್ಟ ವಿವರಣೆಯೂ ಅಂಥ ಕೈಗೆ ಮೃದುವಾಗಿತ್ತು. ಎದುರು ವಾದವೂ ಅಷ್ಟೇ ಗಟ್ಟಿ: ಕೈ ಮೈಗೆ ಅಂಟಿರಲಿಲ್ಲ, ನಡುವೆ ಜಾಗವಿತ್ತು, ಚೆಂಡು ಬೇರೆಲ್ಲೂ ತಗುಲದೆ ನೇರ ಬಂತು, ಎಲ್ಲಕ್ಕಿಂತ ಮಿಗಿಲಾಗಿ ಅದು ಗೋಲಿನತ್ತ ಹೋಗುತ್ತಿದ್ದ ಶಾಟ್. ಗೋಲಿನತ್ತ ಹೋಗುವ ಚೆಂಡನ್ನು ತಡೆದ ಕೈಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕು, ಈ ಪ್ರಕರಣದಲ್ಲಿ ಪೆನಾಲ್ಟಿ ಕೊಡಬೇಕಿತ್ತು ಎಂದು ಯುಇಎಫ್‌ಎಯ ರೆಫ್ರಿ ವಿಭಾಗ ಆಮೇಲೆ ಅಭಿಪ್ರಾಯಪಟ್ಟದ್ದು 2024ರ ಸೆಪ್ಟೆಂಬರ್‌ನಲ್ಲಿ ವರದಿಯಾಯಿತು. ಅಷ್ಟರಲ್ಲಿ ಜರ್ಮನಿ 2-1ರಿಂದ ಸೋತು ಮನೆ ಸೇರಿ ಎರಡು ತಿಂಗಳಾಗಿತ್ತು.

ಗಮನಿಸಿ, ಚೆಂಡು ಎತ್ತ ಹೋಗುತ್ತಿತ್ತು ಅನ್ನುವುದು 12ನೇ ನಿಯಮದ ಹ್ಯಾಂಡ್‌ಬಾಲ್ ವ್ಯಾಖ್ಯೆಯಲ್ಲಿ ಇಲ್ಲ. ಅದು ಯುಇಎಫ್‌ಎ ತನ್ನ ರೆಫ್ರಿಗಳಿಗೆ ಕೊಡುವ ಮಾರ್ಗಸೂಚಿ. ಇಂಗ್ಲಿಷ್ ಲೀಗ್‌ನಲ್ಲಿ ಬಿಟ್ಟ ಕೈ ಚಾಂಪಿಯನ್ಸ್ ಲೀಗ್‌ನಲ್ಲಿ ಪೆನಾಲ್ಟಿ ಆಗುವುದು ಇಂಥ ಸ್ಥಳೀಯ ಸೂಚನೆಗಳ ವ್ಯತ್ಯಾಸದಿಂದ. ನೀವು ರೆಫ್ರಿ ಆಗಿರುವ ಟೂರ್ನಿಯ ಸೂಚನೆ ಏನು ಎಂದು ಪಂದ್ಯಕ್ಕೆ ಮುಂಚೆ ಕೇಳಿ ತಿಳಿದುಕೊಳ್ಳಿ.

ರೀಪ್ಲೇ ಮಾಡುವ ಮೋಸ

ವಿಎಆರ್ ನಿಯಮಾವಳಿಯಲ್ಲಿ ಒಂದು ಮುಖ್ಯ ಸೂಚನೆ ಇದೆ. ಕೈಗೆ ತಗುಲಿತೇ, ಎಲ್ಲಿ ತಗುಲಿತು ಅನ್ನುವುದಕ್ಕೆ ಮಾತ್ರ ನಿಧಾನಗತಿಯ ಚಿತ್ರ. ಅದು ತಪ್ಪೋ ಅಲ್ಲವೋ ಅನ್ನುವುದನ್ನು ಸಹಜ ವೇಗದಲ್ಲಿ ನೋಡಿಯೇ ತೀರ್ಮಾನಿಸಬೇಕು. ಕಾರಣ ಸರಳ. ನಿಧಾನಗತಿಯಲ್ಲಿ 0.12 ಸೆಕೆಂಡ್ ಅನ್ನುವುದು ಒಂದೂವರೆ ಸೆಕೆಂಡಿನಷ್ಟು ಉದ್ದವಾಗಿ, ಕೈ ತೆಗೆಯಲು ಬೇಕಾದಷ್ಟು ಸಮಯವಿತ್ತಲ್ಲ ಅನ್ನಿಸಿಬಿಡುತ್ತದೆ. ನಿಲ್ಲಿಸಿದ ಚಿತ್ರ ಇನ್ನೂ ಕೆಟ್ಟದು: ಓಟದ ಬೀಸಿನ ತುತ್ತತುದಿಯಲ್ಲಿ ಹಿಡಿದ ಕೈ, ಅಲ್ಲೇ ಚಾಚಿ ಕಾಯುತ್ತಿದ್ದಂತೆ ಕಾಣುತ್ತದೆ. ಪತ್ರಿಕೆಯಲ್ಲಿ ಬಂದ ಫೋಟೊ ಒಂದನ್ನೇ ಹಿಡಿದು ವಾದಿಸುವವರಿಗೆ ಅದರ ಹಿಂದಿನ ಮುಂದಿನ ಎರಡು ಸೆಕೆಂಡಿನ ವಿಡಿಯೊ ತೋರಿಸಿ.

ಬೆಂಗಳೂರಿನ ಸ್ಥಳೀಯ ಲೀಗ್‌ಗಳಲ್ಲಿ, ಕಾಲೇಜು ಪಂದ್ಯಗಳಲ್ಲಿ ಪರದೆಯೇ ಇಲ್ಲ, ಒಂದೇ ನೋಟ. ಅಲ್ಲಿ ಕೈ ಯಾಕೆ ಅಲ್ಲಿತ್ತು ಎಂದು ನಿಮಗೆ ಆ ಕ್ಷಣಕ್ಕೆ ಕಾರಣ ಹೊಳೆದರೆ ಆಟ ಮುಂದುವರಿಸಿ, ಕೈಯಿಂದ ಸನ್ನೆ ಮಾಡಿ ಗಟ್ಟಿಯಾಗಿ ಹೇಳಿ, ನೀವು ನೋಡಿದ್ದೀರಿ ಎಂದು ಆಟಗಾರರಿಗೆ ಗೊತ್ತಾಗಲಿ.

ಕೊನೆಯ ಹೆಜ್ಜೆ: ಏನು ಕೊಡಬೇಕು

ತಪ್ಪು ಎಂದು ತೀರ್ಮಾನವಾದರೆ ನೇರ ಫ್ರೀ ಕಿಕ್, ಡಿಫೆಂಡರ್ ತನ್ನ ಬಾಕ್ಸ್‌ನೊಳಗೆ ಮಾಡಿದ್ದರೆ ಪೆನಾಲ್ಟಿ. ಕಾರ್ಡ್ ಬೇರೆಯೇ ಪ್ರಶ್ನೆ, ಎಲ್ಲಾ ಹ್ಯಾಂಡ್‌ಬಾಲಿಗೂ ಹಳದಿ ಕಾರ್ಡ್ ಇಲ್ಲ. ಬೇಕೆಂದೇ ಕೈಯಿಂದ ಗೋಲು ತಡೆದರೆ ಕೆಂಪು ಕಾರ್ಡ್. ಬೇಕೆಂದಲ್ಲದೆ, ಕೈ ಚಾಚಿದ್ದರಿಂದ ಗೋಲು ತಪ್ಪಿ ಪೆನಾಲ್ಟಿ ಕೊಟ್ಟಿದ್ದರೆ, 2024ರ ಬದಲಾವಣೆಯ ನಂತರ ಹಳದಿ ಕಾರ್ಡ್ ಮಾತ್ರ. ಅದೇ ರೀತಿ ಬೇಕೆಂದಲ್ಲದ ಕೈಯಿಂದ ಒಳ್ಳೆಯ ದಾಳಿಯೊಂದು ನಿಂತು ಪೆನಾಲ್ಟಿ ಸಿಕ್ಕಿದ್ದರೆ ಹಳದಿಯೂ ಬೇಡ. ಆದರೆ ಈ ರಿಯಾಯಿತಿ ಪೆನಾಲ್ಟಿ ಕೊಟ್ಟಾಗ ಮಾತ್ರ. ಬಾಕ್ಸ್‌ನ ಹೊರಗೆ ಚಾಚಿದ ಕೈ ಗೋಲಿನ ಸ್ಪಷ್ಟ ಅವಕಾಶ ಕಸಿದರೆ, ಎದುರಾಳಿಗೆ ಸಿಗುವುದು ಬರೀ ಫ್ರೀ ಕಿಕ್ ಆದ್ದರಿಂದ, ಬೇಕೆಂದು ಮಾಡದಿದ್ದರೂ ಕೆಂಪು ಕಾರ್ಡ್ ಉಳಿದೇ ಇದೆ. ಹಾಗಾಗಿ ಎರಡನೇ ಹೆಜ್ಜೆಯಲ್ಲಿ ಬೇಕೆಂದು ಮಾಡಿದನೇ ಎಂದು ಕೇಳಿಕೊಂಡ ಪ್ರಶ್ನೆಗೆ ನಿಮ್ಮ ಉತ್ತರ ಏನಾಗಿತ್ತು ಎಂದು ಇಲ್ಲಿಯವರೆಗೂ ನೆನಪಿಟ್ಟುಕೊಂಡಿರಬೇಕು.

ದಾಳಿ ಮಾಡುವವರ ವಿಷಯದಲ್ಲಿ ಮಾತ್ರ ಕೈಯ ಸ್ಥಾನವೂ ದೂರವೂ ಲೆಕ್ಕಕ್ಕಿಲ್ಲ. ಸ್ಟ್ರೈಕರ್‌ನ ಕೈಗೆ ಆಕಸ್ಮಿಕವಾಗಿ ತಗುಲಿ ಚೆಂಡು ಗೋಲಿನೊಳಗೆ ಹೋದರೂ, ತಗುಲಿದ ತಕ್ಷಣ ಅವನೇ ಒದ್ದು ಗೋಲು ಮಾಡಿದರೂ ಆ ಗೋಲು ರದ್ದು, ಎದುರಾಳಿಗೆ ಫ್ರೀ ಕಿಕ್. ಅದೇ ಚೆಂಡು ಆಕಸ್ಮಿಕವಾಗಿ ಅವನ ಕೈಗೆ ತಗುಲಿ ಜೊತೆಗಾರನ ಕಾಲಿಗೆ ಹೋಗಿ, ಆ ಜೊತೆಗಾರ ಗೋಲು ಹೊಡೆದರೆ 2021ರಿಂದ ಗೋಲು ಊರ್ಜಿತ. ಈ ಕೊನೆಯದನ್ನು ಹಳೆಯ ನಿಯಮದ ನೆನಪಿನಲ್ಲಿ ರದ್ದು ಮಾಡುವ ರೆಫ್ರಿಗಳು ಈಗಲೂ ಸಿಗುತ್ತಾರೆ.